ನೂರರಲ್ಲಿ ಒಂದು ರಿಸೆಪ್ಟರ್ ತುಂಬಿದರೆ ಅರ್ಧ ಪ್ರತಿಕ್ರಿಯೆ: ಸ್ಪೇರ್ ರಿಸೆಪ್ಟರ್ ಅಳೆಯುವುದು ಹೇಗೆ

ಡೋಸ್-ರೆಸ್ಪಾನ್ಸ್ ಗ್ರಾಫ್ ಮೊದಲ ಸಲ ಕೈಗೆ ಸಿಕ್ಕಾಗ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ಅರ್ಧ ಪ್ರತಿಕ್ರಿಯೆ ಯಾವ ಸಾಂದ್ರತೆಯಲ್ಲಿ ಬಂತು ಅಂತ ನೋಡುತ್ತಾರೆ. ಹಾಗಾದರೆ ಅಲ್ಲಿ ಅರ್ಧ ರಿಸೆಪ್ಟರ್‌ಗಳು, ಅಂದರೆ ಔಷಧ ಬಂದು ಅಂಟುವ ಕೋಶದ ಪ್ರೋಟೀನ್‌ಗಳು, ತುಂಬಿರಬೇಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೇಳುವುದಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಬಹಳಷ್ಟು ಅಂಗಾಂಶಗಳಲ್ಲಿ, ಪೂರ್ತಿ ಅಗೊನಿಸ್ಟ್, ಅಂದರೆ ರಿಸೆಪ್ಟರ್‌ಗೆ ಅಂಟಿ ಗರಿಷ್ಠ ಪ್ರತಿಕ್ರಿಯೆ ಎಬ್ಬಿಸಬಲ್ಲ ಔಷಧ, ಹಾಕಿದಾಗ, ಅದು ನೂರು ಪಟ್ಟು ತಪ್ಪಾಗಬಹುದು.

ಈ ತಪ್ಪನ್ನು ಲೆಕ್ಕ ಹಾಕಿ ಹಿಡಿಯುವ ಒಂದು ಹಳೆಯ, ಗಟ್ಟಿ ವಿಧಾನವಿದೆ. 1966ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಅದನ್ನು ರೂಪಿಸಿದರು. ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ 1998ರಲ್ಲಿ ನೊಬೆಲ್ ಪಡೆದವರೂ ಇವರೇ. ಗಿನಿ ಪಿಗ್‌ನ ಸಣ್ಣಕರುಳಿನ ತುಂಡು, ಅದನ್ನು ಕುಗ್ಗಿಸುವ ಕಾರ್ಬಕೋಲ್, ರಿಸೆಪ್ಟರ್ ಕೆಡಿಸುವ ಫಿನಾಕ್ಸಿಬೆಂಜಮೀನ್, ಒಂದು ಕ್ಯಾಲ್ಕ್ಯುಲೇಟರ್. ಇಷ್ಟನ್ನು ಇಟ್ಟುಕೊಂಡು ಇಲ್ಲಿ ಮೊದಲಿಂದ ಕೊನೆವರೆಗೆ ಹೋಗೋಣ. ಸಂಖ್ಯೆಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ನಿಮ್ಮ ಅಂಗಾಂಶದಲ್ಲಿ ಬೇರೆ ಬರುತ್ತವೆ.

ಮೊದಲು ಎರಡು ಗ್ರಾಫ್‌ಗಳನ್ನು ಬೇರೆ ಮಾಡಿ

ಔಷಧ ರಿಸೆಪ್ಟರ್‌ಗೆ ಅಂಟುವುದು ಒಂದು ಘಟನೆ. ಸ್ನಾಯು ಕುಗ್ಗುವುದು ಇನ್ನೊಂದು. ಮೊದಲನೆಯದಕ್ಕೆ ಸರಳ ಸೂತ್ರವಿದೆ:

```
ρ = A / (A + K)
```

ಇಲ್ಲಿ `A` ಅಂದರೆ ಔಷಧದ ಸಾಂದ್ರತೆ. `K` ಅಂದರೆ ಅರ್ಧ ರಿಸೆಪ್ಟರ್‌ಗಳು ತುಂಬಲು ಬೇಕಾದ ಸಾಂದ್ರತೆ. `ρ` ಅಂದರೆ ತುಂಬಿದ ರಿಸೆಪ್ಟರ್‌ಗಳ ಪಾಲು, ಅದನ್ನೇ ಆಕ್ಯುಪೆನ್ಸಿ ಅನ್ನುತ್ತೇವೆ. ಔಷಧ `K`ಯಷ್ಟೇ ಇದ್ದರೆ ಅರ್ಧ ತುಂಬುತ್ತದೆ. `K`ಯ ಒಂಬತ್ತು ಪಟ್ಟು ಇದ್ದರೆ 90% ತುಂಬುತ್ತದೆ. ಕೊನೆಯ ಒಂದಿಷ್ಟನ್ನು ತುಂಬಿಸಲು ಎಷ್ಟು ಜಾಸ್ತಿ ಔಷಧ ಸುರಿಯಬೇಕು ಅನ್ನುವುದನ್ನು ಇಲ್ಲೇ ಗಮನಿಸಿ. ಮುಂದೆ ಬೇಕಾಗುತ್ತದೆ.

1926ರಲ್ಲಿ ಎ. ಜೆ. ಕ್ಲಾರ್ಕ್ ಕಪ್ಪೆಯ ಹೃದಯ ಮತ್ತು ಸ್ನಾಯುವಿನ ಮೇಲೆ ಅಸೆಟೈಲ್‌ಕೋಲಿನ್ ಹಾಕಿ ಅಳೆದರು. ಗ್ರಾಫ್‌ನ ಆಕಾರ ಈ ಸೂತ್ರಕ್ಕೆ ಚೆನ್ನಾಗಿ ಹೊಂದಿತು. ಎಷ್ಟು ರಿಸೆಪ್ಟರ್ ತುಂಬುತ್ತವೋ ಅಷ್ಟೇ ಪ್ರತಿಕ್ರಿಯೆ ಅನ್ನುವ ಲೆಕ್ಕ ಹೀಗೆ ಬೇರೂರಿತು. ಆದರೆ ಎರಡು ಗ್ರಾಫ್‌ಗಳ ಆಕಾರ ಒಂದೇ ಇದ್ದ ಮಾತ್ರಕ್ಕೆ ಅವು ಒಂದೇ ಜಾಗದಲ್ಲಿ ಇರಬೇಕಿಲ್ಲ. ಒಂದು ಇನ್ನೊಂದರ ಎಡಕ್ಕೆ ನೂರು ಪಟ್ಟು ದೂರದಲ್ಲಿ ಇದ್ದರೂ ಆಕಾರದಿಂದ ಗೊತ್ತಾಗುವುದಿಲ್ಲ.

ಆಮೇಲೆ 1956ರಲ್ಲಿ ಆರ್. ಪಿ. ಸ್ಟೀಫನ್‌ಸನ್ ಇದನ್ನು ಬಿಡಿಸಿ ಹೇಳಿದರು. ಅಗೊನಿಸ್ಟ್ ಸ್ವಲ್ಪವೇ ರಿಸೆಪ್ಟರ್‌ಗಳನ್ನು ತುಂಬಿ ಪೂರ್ತಿ ಪ್ರತಿಕ್ರಿಯೆ ಕೊಡಬಹುದು. ತುಂಬಿದ ಪಾಲಿಗೂ ಪ್ರತಿಕ್ರಿಯೆಗೂ ನೇರ ಅನುಪಾತ ಇರಬೇಕಿಲ್ಲ. ಮತ್ತು ಒಂದೇ ಪಾಲು ತುಂಬಿದರೂ ಬೇರೆ ಬೇರೆ ಔಷಧಗಳು ಬೇರೆ ಬೇರೆ ಬಲದಲ್ಲಿ ಪ್ರಚೋದಿಸಬಹುದು. ಈ ಬಲಕ್ಕೆ ಅವರು ಎಫಿಕಸಿ ಅಂತ ಹೆಸರಿಟ್ಟರು. ಅದೇ ವರ್ಷ ನಿಕರ್‌ಸನ್ ಕರುಳಿನ ಮೇಲೆ ಹಿಸ್ಟಮೀನ್ ಪ್ರಯೋಗ ಮಾಡಿ, ನೂರರಲ್ಲಿ ಒಂದರಷ್ಟು ರಿಸೆಪ್ಟರ್ ಸಾಕು ಅನ್ನುವ ಅರ್ಥದ ಫಲಿತಾಂಶ ಕೊಟ್ಟರು.

ಸ್ಪೇರ್ ಅಂದರೆ ಮೂಲೆಯಲ್ಲಿ ಸುಮ್ನೆ ಕೂತಿರುವ ರಿಸೆಪ್ಟರ್ ಅಲ್ಲ

ಹೆಸರು ದಾರಿ ತಪ್ಪಿಸುತ್ತದೆ. ಕೆಲಸ ಮಾಡುವವು ಒಂದಿಷ್ಟು, ಕೆಲಸವಿಲ್ಲದೆ ಬಿದ್ದಿರುವವು ಇನ್ನೊಂದಿಷ್ಟು ಅಂತ ಎರಡು ಗುಂಪುಗಳಿಲ್ಲ. ಎಲ್ಲ ರಿಸೆಪ್ಟರ್‌ಗಳೂ ಒಂದೇ ಥರ. ಈ ಕ್ಷಣ ಇದಕ್ಕೆ ಔಷಧ ಅಂಟಿತು, ಮುಂದಿನ ಕ್ಷಣ ಅದಕ್ಕೆ. ಪೂರ್ತಿ ಪ್ರತಿಕ್ರಿಯೆಗೆ ಒಂದೇ ಹೊತ್ತಿಗೆ ಎಷ್ಟು ತುಂಬಿರಬೇಕೋ ಅದಕ್ಕಿಂತ ಒಟ್ಟು ಸಂಖ್ಯೆ ಜಾಸ್ತಿ ಇದೆ, ಅಷ್ಟೇ. ನನಗೆ ರಿಸೆಪ್ಟರ್ ರಿಸರ್ವ್ ಅನ್ನುವ ಹೆಸರೇ ವಾಸಿ ಅನಿಸುತ್ತದೆ. ಆದರೆ ಸ್ಪೇರ್ ಅನ್ನುವುದೇ ಬಾಯಲ್ಲಿ ನಿಂತಿದೆ.

ಹೆಚ್ಚಿರುವುದು ಯಾಕೆ ಅನ್ನುವುದಕ್ಕೆ ಕಾರಣ ರಿಸೆಪ್ಟರ್‌ನ ಆಚೆಗಿನ ಸರಪಳಿಯಲ್ಲಿದೆ. ಕರುಳಿನ ಸ್ನಾಯುವಿನಲ್ಲಿ ಕಾರ್ಬಕೋಲ್ ಅಂಟುವುದು ಮಸ್ಕರಿನಿಕ್ ರಿಸೆಪ್ಟರ್‌ಗೆ. ಅಂಥ ಒಂದು ರಿಸೆಪ್ಟರ್, ಸಂಕೇತವನ್ನು ಕೋಶದೊಳಗೆ ದಾಟಿಸುವ ಹಲವು ಜಿ-ಪ್ರೋಟೀನ್‌ಗಳನ್ನು ಎಚ್ಚರಿಸಬಲ್ಲದು. ಅವು ಫಾಸ್ಫೋಲೈಪೇಸ್ ಕಿಣ್ವವನ್ನು ಚಾಲೂ ಮಾಡುತ್ತವೆ. ಒಂದೊಂದು ಕಿಣ್ವ ಐಪಿ3 ಅನ್ನುವ ಸಂಕೇತದ ಅಣುಗಳನ್ನು ಸಾಕಷ್ಟು ತಯಾರಿಸುತ್ತದೆ. ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಕುಗ್ಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಸಂಕೇತ ದೊಡ್ಡದಾಗುತ್ತಾ ಹೋಗುತ್ತದೆ. ಆದರೆ ಸ್ನಾಯು ಕುಗ್ಗುವುದಕ್ಕೆ ಒಂದು ಮಿತಿ ಇದೆ. ಕೆಳಗಿನ ಮೆಟ್ಟಿಲು ತುಂಬಿಹೋದ ಮೇಲೆ ಮೇಲೆ ಎಷ್ಟು ರಿಸೆಪ್ಟರ್ ತುಂಬಿದರೂ ಪ್ರಯೋಜನವಿಲ್ಲ.

ಇದರ ಲಾಭ ಎಷ್ಟು ಅಂತ ಒಂದು ಲೆಕ್ಕದಲ್ಲಿ ನೋಡಿ. ಒಂದು ಜೀವಕೋಶಕ್ಕೆ ಕೆಲಸ ಆಗಲು ಒಂದೇ ಹೊತ್ತಿಗೆ 90 ರಿಸೆಪ್ಟರ್‌ಗಳು ತುಂಬಿರಬೇಕು ಅನ್ನೋಣ. `K` 10 ಮೈಕ್ರೋಮೋಲಾರ್ ಇರಲಿ. ಕೋಶದಲ್ಲಿ ಇರುವುದೇ 100 ರಿಸೆಪ್ಟರ್ ಆದರೆ 90% ತುಂಬಬೇಕು. ಅದಕ್ಕೆ `K`ಯ ಒಂಬತ್ತು ಪಟ್ಟು, ಅಂದರೆ 90 ಮೈಕ್ರೋಮೋಲಾರ್ ಔಷಧ ಬೇಕು. ಈಗ ರಿಸೆಪ್ಟರ್‌ಗಳನ್ನು 10,000 ಮಾಡಿ. 90 ತುಂಬುವುದು ಅಂದರೆ 0.9% ಮಾತ್ರ. ಬೇಕಾಗುವುದು ಸುಮಾರು 0.09 ಮೈಕ್ರೋಮೋಲಾರ್. ರಿಸೆಪ್ಟರ್ ನೂರು ಪಟ್ಟು ಹೆಚ್ಚಿತು, ಔಷಧದ ಅಗತ್ಯ ಸುಮಾರು ಸಾವಿರ ಪಟ್ಟು ಇಳಿಯಿತು. ನೂರು ಪಟ್ಟು ಇಳಿಯಬೇಕಿತ್ತು, ಸಾವಿರ ಹೇಗೆ? ಮೊದಲ ಕೋಶ ಗ್ರಾಫ್‌ನ ದುಬಾರಿ ತುದಿಯಲ್ಲಿ ಒದ್ದಾಡುತ್ತಿತ್ತು. ಎರಡನೆಯದು ಬುಡದಲ್ಲೇ ಕೆಲಸ ಮುಗಿಸಿತು.

ಅಂಟುವ ಬಲ ಬದಲಾಗಲೇ ಇಲ್ಲ ಅನ್ನುವುದನ್ನು ಗಮನಿಸಿ. ಎರಡೂ ಕಡೆ `K` 10 ಮೈಕ್ರೋಮೋಲಾರ್. ಗಟ್ಟಿಯಾಗಿ ಅಂಟುವ ರಿಸೆಪ್ಟರ್ ಇಟ್ಟುಕೊಂಡೂ ಕಡಿಮೆ ಔಷಧಕ್ಕೆ ಸ್ಪಂದಿಸಬಹುದಿತ್ತಲ್ಲ ಅಂತ ಕೇಳಬಹುದು. ಆದರೆ ಗಟ್ಟಿಯಾಗಿ ಅಂಟಿದ್ದು ಬೇಗ ಬಿಡುವುದಿಲ್ಲ. ಅಂಟುವ ವೇಗ ಎರಡಕ್ಕೂ ಪ್ರತಿ ಮೋಲಾರ್‌ಗೆ ಸೆಕೆಂಡಿಗೆ 10 ಕೋಟಿ ಅಂದುಕೊಂಡರೆ, `K` 10 ಮೈಕ್ರೋಮೋಲಾರ್ ಇರುವ ಔಷಧದ ಅರ್ಧ ಪಾಲು 0.7 ಮಿಲಿಸೆಕೆಂಡಿನಲ್ಲಿ ಬಿಟ್ಟುಹೋಗುತ್ತದೆ. `K` 0.1 ಇದ್ದರೆ ಅದಕ್ಕೆ 70 ಮಿಲಿಸೆಕೆಂಡು ಬೇಕು. ಸಡಿಲವಾಗಿ ಅಂಟುವ ರಿಸೆಪ್ಟರ್‌ಗಳನ್ನು ರಾಶಿ ಇಟ್ಟುಕೊಂಡರೆ ಬೇಗ ಶುರುವಾಗಿ ಬೇಗ ನಿಲ್ಲುವ ಸಂಕೇತವೂ ಸಿಗುತ್ತದೆ, ಕಡಿಮೆ ಔಷಧಕ್ಕೆ ಸ್ಪಂದನೆಯೂ ಸಿಗುತ್ತದೆ.

ಪ್ರಯೋಗದ ಸಿದ್ಧತೆ

ಸಣ್ಣಕರುಳಿನ ಕೊನೆಯ ಭಾಗವಾದ ಇಲಿಯಂನ ಎರಡು ಮೂರು ಸೆಂಟಿಮೀಟರ್ ತುಂಡನ್ನು ಆರ್ಗನ್ ಬಾತ್‌ನಲ್ಲಿ ತೂಗುಹಾಕಿ. ಟೈರೋಡ್ ದ್ರಾವಣ, 37 ಡಿಗ್ರಿ, ಗಾಳಿ ಗುಳ್ಳೆಗಳು ಸದಾ ಬರುತ್ತಿರಬೇಕು. ಒಂದು ಗ್ರಾಂ ಆಸುಪಾಸಿನ ಎಳೆತ ಕೊಟ್ಟು ಮುಕ್ಕಾಲು ಗಂಟೆ ಸುಮ್ನೆ ಬಿಡಿ. ನಡುನಡುವೆ ದ್ರಾವಣ ಬದಲಾಯಿಸಿ.

ಅಗೊನಿಸ್ಟ್ ಆಗಿ ಕಾರ್ಬಕೋಲ್ ತೆಗೆದುಕೊಳ್ಳಿ, ಅಸೆಟೈಲ್‌ಕೋಲಿನ್ ಬೇಡ. ಅಸೆಟೈಲ್‌ಕೋಲಿನ್ ಅನ್ನು ಅಂಗಾಂಶದೊಳಗಿನ ಕೋಲಿನೆಸ್ಟರೇಸ್ ಕಿಣ್ವ ಒಡೆದುಹಾಕುತ್ತದೆ. ಬಾತ್‌ಗೆ ನೀವು ಹಾಕಿದ ಸಾಂದ್ರತೆ ಒಂದು, ರಿಸೆಪ್ಟರ್ ಹತ್ತಿರ ಇರುವುದು ಇನ್ನೊಂದು ಆಗುತ್ತದೆ. ನಮ್ಮ ಸೂತ್ರಕ್ಕೆ ಬೇಕಿರುವುದು ರಿಸೆಪ್ಟರ್ ಹತ್ತಿರದ್ದು. ಕಾರ್ಬಕೋಲ್ ಈ ಕಿಣ್ವಕ್ಕೆ ಜಗ್ಗುವುದಿಲ್ಲ.

ಮೊದಲ ಹಂತದಲ್ಲಿ ಕಡಿಮೆಯಿಂದ ಹೆಚ್ಚಿಗೆ ಕಾರ್ಬಕೋಲ್ ಹಾಕುತ್ತಾ ಪೂರ್ತಿ ಗ್ರಾಫ್ ತೆಗೆಯಿರಿ. ಪ್ರತಿ ಡೋಸಿಗೆ ಅರ್ಧ ನಿಮಿಷ ಸಾಕು, ಆಮೇಲೆ ತೊಳೆದು ಕೆಲವು ನಿಮಿಷ ಕಾಯಿರಿ. ಎರಡು ಸಲ ತೆಗೆದ ಗ್ರಾಫ್ ಒಂದರ ಮೇಲೊಂದು ಕೂರುವವರೆಗೂ ಮುಂದೆ ಹೋಗಬೇಡಿ. ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಸ್ನಾಯು ಎಷ್ಟು ಕುಗ್ಗುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಈಗ ರಿಸೆಪ್ಟರ್‌ಗಳಲ್ಲಿ ಒಂದು ಪಾಲನ್ನು ಶಾಶ್ವತವಾಗಿ ಕೆಡಿಸಬೇಕು. ಅದಕ್ಕೇ ಫಿನಾಕ್ಸಿಬೆಂಜಮೀನ್. ನೀರಿನ ದ್ರಾವಣದಲ್ಲಿ ಅದು ಅಜಿರಿಡೀನಿಯಂ ಅಯಾನ್ ಆಗುತ್ತದೆ, ಆಮೇಲೆ ರಿಸೆಪ್ಟರ್ ಜೊತೆ ಕೋವೇಲೆಂಟ್ ಬಂಧ ಮಾಡಿಕೊಳ್ಳುತ್ತದೆ. ತೊಳೆದರೂ ಬಿಡದು. ಆ ಅಯಾನ್ ತಾನಾಗಿಯೂ ಕೆಡುತ್ತದೆ. ಅದಕ್ಕೆ ದ್ರಾವಣವನ್ನು ಅವತ್ತೇ ತಯಾರಿಸಿ. ನಿನ್ನೆಯದು ಉಳಿದಿದೆ ಅಂತ ಹಾಕಬೇಡಿ. ಕೆಲವು ಮೈಕ್ರೋಮೋಲಾರ್, ಹತ್ತರಿಂದ ಮೂವತ್ತು ನಿಮಿಷ. ಎಷ್ಟು ಹೊತ್ತು ಅನ್ನುವುದನ್ನು ಒಂದೆರಡು ತುಂಡುಗಳಲ್ಲಿ ಮೊದಲೇ ಪ್ರಯತ್ನಿಸಿ ಕಂಡುಕೊಳ್ಳಬೇಕು. ಗುರಿ ಒಂದೇ: ಗರಿಷ್ಠ ಪ್ರತಿಕ್ರಿಯೆ ಎದ್ದು ಕಾಣುವಷ್ಟು ಇಳಿಯಬೇಕು, ಆದರೆ ಪೂರ್ತಿ ಸಾಯಬಾರದು.

ಆಮೇಲೆ ತೊಳೆಯಿರಿ. ಇನ್ನೂ ತೊಳೆಯಿರಿ. ಒಂದು ಗಂಟೆ ಅಂತ ಇಟ್ಟುಕೊಳ್ಳಿ. ನನ್ನ ಮೊದಲ ಪ್ರಯತ್ನದಲ್ಲಿ ಹತ್ತು ನಿಮಿಷ ತೊಳೆದು ಡೋಸ್ ಶುರು ಮಾಡಿದ್ದೆ. ಬಾತ್‌ನಲ್ಲಿ ಉಳಿದಿದ್ದ ಔಷಧ ರಿಸೆಪ್ಟರ್‌ಗಳನ್ನು ಕೆಡಿಸುತ್ತಲೇ ಇತ್ತು. ಮೊದಲ ಡೋಸಿಗೂ ಕೊನೆ ಡೋಸಿಗೂ ರಿಸೆಪ್ಟರ್ ಸಂಖ್ಯೆ ಬೇರೆಯೇ ಆಗಿತ್ತು. ಎರಡನೇ ಸಲ ಅದೇ ಡೋಸ್ ಕೊಟ್ಟಾಗ ಅರ್ಧಕ್ಕೆ ಇಳಿದಿದ್ದು ನೋಡಿ ಗೊತ್ತಾಯಿತು. ಇಡೀ ದಿನದ ಕೆಲಸ ಬುಟ್ಟಿಗೆ.

ತೊಳೆದ ಮೇಲೆ ಕಾರ್ಬಕೋಲ್ ಗ್ರಾಫ್ ಮತ್ತೆ ತೆಗೆಯಿರಿ. ಪಕ್ಕದ ಬಾತ್‌ನಲ್ಲಿ ಫಿನಾಕ್ಸಿಬೆಂಜಮೀನ್ ಕಾಣದ ಇನ್ನೊಂದು ತುಂಡು ಇಷ್ಟೂ ಹೊತ್ತು ಇರಬೇಕು. ಬರೀ ಸಮಯ ಕಳೆದಿದ್ದಕ್ಕೇ ಸ್ನಾಯು ಸೋತಿದೆಯೋ ಅನ್ನುವುದನ್ನು ಅದು ಹೇಳುತ್ತದೆ.

ಲೆಕ್ಕ: ಸಮ ಪ್ರತಿಕ್ರಿಯೆಗಳ ಜೋಡಿ

ಇಡೀ ವಿಧಾನ ನಿಂತಿರುವುದು ಒಂದು ಊಹೆಯ ಮೇಲೆ. ಮೊದಲೂ ಆಮೇಲೂ ಸ್ನಾಯು ಒಂದೇ ಅಳತೆ ಕುಗ್ಗಿದರೆ, ಎರಡೂ ಸಲ ತುಂಬಿದ ರಿಸೆಪ್ಟರ್‌ಗಳ ಸಂಖ್ಯೆ ಒಂದೇ. ರಿಸೆಪ್ಟರ್‌ನಿಂದ ಆಚೆಗಿನ ಸರಪಳಿ ಮುಟ್ಟಿಲ್ಲವಲ್ಲ. ಹಾಗಾಗಿ ಆ ಸರಪಳಿ ಹೇಗಿದೆ, ಎಷ್ಟು ವರ್ಧಿಸುತ್ತದೆ ಅನ್ನುವುದು ನಮಗೆ ಗೊತ್ತಿರಬೇಕಾಗಿಲ್ಲ. ಇದೇ ಈ ವಿಧಾನದ ಜಾಣತನ.

ಉಳಿದ ರಿಸೆಪ್ಟರ್‌ಗಳ ಪಾಲು `q` ಆದರೆ, ಸೂತ್ರ ಹೀಗೆ ಬರುತ್ತದೆ:

```
1/A = (1/q) × (1/A') + (1 - q) / (q × K)
```

`A` ಮೊದಲಿನ ಸಾಂದ್ರತೆ, `A'` ಕೆಡಿಸಿದ ಮೇಲೆ ಅದೇ ಪ್ರತಿಕ್ರಿಯೆಗೆ ಬೇಕಾದ ಸಾಂದ್ರತೆ. ಇದು ಒಂದು ಸರಳ ರೇಖೆ. ಇಳಿಜಾರು `1/q`. ರೇಖೆ ಲಂಬ ಅಕ್ಷವನ್ನು ಮುಟ್ಟುವ ಜಾಗದಿಂದ `K` ಸಿಗುತ್ತದೆ.

ನಮ್ಮ ತುಂಡಿನಲ್ಲಿ ಮೊದಲು ಅರ್ಧ ಪ್ರತಿಕ್ರಿಯೆ ಸುಮಾರು 0.1 ಮೈಕ್ರೋಮೋಲಾರ್‌ನಲ್ಲಿ ಬಂತು ಅನ್ನೋಣ. ಕೆಡಿಸಿದ ಮೇಲೆ ಗರಿಷ್ಠ ಪ್ರತಿಕ್ರಿಯೆ 67%ಕ್ಕೆ ಇಳಿಯಿತು. ಎರಡೂ ಗ್ರಾಫ್‌ಗಳಲ್ಲಿ ಸಿಗುವ ಮೂರು ಎತ್ತರಗಳನ್ನು ಆರಿಸಿಕೊಂಡೆವು. ಅಡ್ಡಗೆರೆ ಎಳೆದು ಎರಡು ಸಾಂದ್ರತೆಗಳನ್ನು ಓದಿದೆವು, ಮೈಕ್ರೋಮೋಲಾರ್‌ನಲ್ಲಿ:

| ಪ್ರತಿಕ್ರಿಯೆ | `A` | `A'` | `1/A` | `1/A'` |
|---|---|---|---|---|
| 33% | 0.0503 | 3.33 | 19.9 | 0.300 |
| 50% | 0.101 | 10 | 9.90 | 0.100 |
| 60% | 0.152 | 30 | 6.57 | 0.033 |

ಇಳಿಜಾರು: 19.9ರಿಂದ 6.57 ಕಳೆದರೆ 13.3. ಅದನ್ನು 0.267ರಿಂದ ಭಾಗಿಸಿದರೆ ಸುಮಾರು 50. ಅಂದರೆ `q` 0.02. ಫಿನಾಕ್ಸಿಬೆಂಜಮೀನ್ 98% ರಿಸೆಪ್ಟರ್‌ಗಳನ್ನು ಕೆಡಿಸಿದೆ. ಆದರೂ ಸ್ನಾಯು ಮೊದಲಿನ ಮೂರನೇ ಎರಡರಷ್ಟು ಬಲದಲ್ಲಿ ಕುಗ್ಗುತ್ತಿದೆ! ಇದನ್ನು ನೋಡಿದ ಮೇಲೆ ರಿಸರ್ವ್ ಇದೆಯೋ ಇಲ್ಲವೋ ಅನ್ನುವ ಅನುಮಾನ ಉಳಿಯುವುದಿಲ್ಲ.

ಲಂಬ ಅಕ್ಷದ ಬಿಂದು: 9.90ರಿಂದ 50 × 0.1 ಕಳೆದರೆ 4.9. ಇನ್ನು `K`:

```
K = (slope - 1) / intercept = (50 - 1) / 4.9 = 10
```

`K` 10 ಮೈಕ್ರೋಮೋಲಾರ್. ಅರ್ಧ ಪ್ರತಿಕ್ರಿಯೆ ಬಂದಿದ್ದು 0.1ರಲ್ಲಿ. ಮೊದಲ ಗ್ರಾಫ್ ನೋಡಿ 'ಅರ್ಧ ತುಂಬಿದೆ' ಅಂದಿದ್ದರೆ ನೂರು ಪಟ್ಟು ತಪ್ಪುತ್ತಿದ್ದೆವು.

ಈಗ ಕೊನೆಯ ಹಂತ. ಮೊದಲ ಗ್ರಾಫ್‌ನ ಪ್ರತಿ ಸಾಂದ್ರತೆಗೂ ಆಕ್ಯುಪೆನ್ಸಿ ಲೆಕ್ಕ ಹಾಕಿ, ಅಳೆದ ಪ್ರತಿಕ್ರಿಯೆಯ ಪಕ್ಕದಲ್ಲಿ ಬರೆಯಿರಿ.

| ಕಾರ್ಬಕೋಲ್ (ಮೈಕ್ರೋಮೋಲಾರ್) | ತುಂಬಿದ ಪಾಲು | ಪ್ರತಿಕ್ರಿಯೆ |
|---|---|---|
| 0.01 | 0.1% | 9% |
| 0.1 | 1% | 50% |
| 1 | 9% | 90% |
| 10 | 50% | 98% |

ಮೇಲಿಂದ ಕೆಳಗೆ ಓದಿ. ಮೊದಲ 1% ತುಂಬುವಷ್ಟರಲ್ಲಿ ಅರ್ಧ ಕೆಲಸ ಆಗಿದೆ. 9% ತುಂಬುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು. ಅಲ್ಲಿಂದ 50%ಗೆ ಹೋದಾಗ ಸಿಕ್ಕಿದ್ದು ಬರೀ 8% ಹೆಚ್ಚು. ಇಷ್ಟೇ ಸಂಖ್ಯೆಗಳನ್ನು ಆಕ್ಯುಪೆನ್ಸಿ ಅಡ್ಡ ಅಕ್ಷದಲ್ಲಿ, ಪ್ರತಿಕ್ರಿಯೆ ಲಂಬ ಅಕ್ಷದಲ್ಲಿ ಹಾಕಿ ಗ್ರಾಫ್ ಮಾಡಿದರೆ ಎಡ ಗೋಡೆಗೆ ಅಂಟಿಕೊಂಡು ಮೇಲೇರಿ ಆಮೇಲೆ ಚಪ್ಪಟೆಯಾಗುವ ಗೆರೆ ಸಿಗುತ್ತದೆ. ರಿಸರ್ವ್ ಇಲ್ಲದಿದ್ದರೆ ಅದು ಮೂಲೆಯಿಂದ ಮೂಲೆಗೆ ನೇರ ಗೆರೆ ಆಗಿರುತ್ತಿತ್ತು.

ಎಲ್ಲಿ ಕೈ ಕೊಡುತ್ತದೆ

ಮೊದಲನೆಯದು, ಸಾಕಷ್ಟು ಕೆಡಿಸದಿರುವುದು. ಫಿನಾಕ್ಸಿಬೆಂಜಮೀನ್ ಅರ್ಧ ರಿಸೆಪ್ಟರ್‌ಗಳನ್ನು ಮಾತ್ರ ಕೆಡಿಸಿತು ಅನ್ನಿ. ನಮ್ಮ ತುಂಡಿನಲ್ಲಿ ಗರಿಷ್ಠ ಪ್ರತಿಕ್ರಿಯೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗ್ರಾಫ್ ಎರಡು ಪಟ್ಟು ಬಲಕ್ಕೆ ಜರುಗುತ್ತದೆ, ಅಷ್ಟೇ. ಆಗ ಇಳಿಜಾರು 2, ಅಕ್ಷದ ಬಿಂದು 0.1. ಆದರೆ ನೀವು ಅಳೆಯುತ್ತಿರುವ `1/A` 10ರ ಆಸುಪಾಸಿನಲ್ಲಿದೆ. ಹತ್ತರಲ್ಲಿ ಶೇಕಡಾ ಐದರಷ್ಟು ಅಳತೆ ತಪ್ಪಾದರೂ ಅದು 0.5. ಹುಡುಕುತ್ತಿರುವ 0.1 ಅದರಲ್ಲಿ ಮುಳುಗಿಹೋಗುತ್ತದೆ. ಅಕ್ಷದ ಬಿಂದು ಸೊನ್ನೆಗಿಂತ ಕೆಳಗೆ ಬಂದು `K` ಋಣ ಸಂಖ್ಯೆ ಆಗುವುದೂ ಉಂಟು. ಗರಿಷ್ಠ ಪ್ರತಿಕ್ರಿಯೆ ಇಳಿಯದಿದ್ದರೆ `K` ಲೆಕ್ಕ ಹಾಕಲೇಬೇಡಿ. ಇನ್ನೊಂದು ತುಂಡಿಗೆ ಜಾಸ್ತಿ ಹೊತ್ತು ಕೊಡಿ.

ಇದೇ ಜಾಗದಲ್ಲಿ ಇನ್ನೊಂದು ಬಲೆ ಇದೆ. ಗರಿಷ್ಠ ಇಳಿಯದೆ ಗ್ರಾಫ್ ಬಲಕ್ಕೆ ಸಮಾನಾಂತರವಾಗಿ ಜರುಗಿದರೆ ಅದು ಸ್ಪರ್ಧಾತ್ಮಕ ಬ್ಲಾಕರ್, ಅಂದರೆ ಅದೇ ಜಾಗಕ್ಕೆ ಅಗೊನಿಸ್ಟ್ ಜೊತೆ ಪೈಪೋಟಿ ಮಾಡುವ ಔಷಧ, ಅಂತ ಎಲ್ಲರೂ ಹೇಳಿಕೊಡುತ್ತಾರೆ. ರಿಸರ್ವ್ ಇರುವ ಅಂಗಾಂಶದಲ್ಲಿ ಶಾಶ್ವತವಾಗಿ ಕೆಡಿಸುವ ಔಷಧವೂ ಮೊದಲು ಹಾಗೇ ಕಾಣುತ್ತದೆ. ಗುರುತು ಹಿಡಿಯುವ ದಾರಿ ತೊಳೆಯುವುದು. ತೊಳೆದಾಗ ಗ್ರಾಫ್ ವಾಪಸ್ ಬಂದರೆ ಸ್ಪರ್ಧಾತ್ಮಕ. ಬರದೆ, ಹೆಚ್ಚು ಹೊತ್ತು ಇಟ್ಟಷ್ಟೂ ಇನ್ನೂ ಬಲಕ್ಕೆ ಹೋಗಿ ಕೊನೆಗೆ ಗರಿಷ್ಠವೂ ಕುಸಿದರೆ ಶಾಶ್ವತ.

ಎರಡನೆಯದು, ಫಿನಾಕ್ಸಿಬೆಂಜಮೀನ್ ಒಂದೇ ರಿಸೆಪ್ಟರ್ ಮುಟ್ಟುವ ಔಷಧ ಅಲ್ಲ. ಆಲ್ಫಾ ಅಡ್ರಿನರ್ಜಿಕ್ ರಿಸೆಪ್ಟರ್ ಅದರ ಮುಖ್ಯ ಗುರಿ. ಹಿಸ್ಟಮೀನ್‌ನ ಎಚ್1 ರಿಸೆಪ್ಟರನ್ನೂ ಅದು ಕೆಡಿಸುತ್ತದೆ. ಸರಪಳಿ ಸರಿಯಾಗಿದೆಯೇ ಅಂತ ನೋಡಲು ಹಿಸ್ಟಮೀನ್ ಹಾಕಿ, ಅದೂ ಇಳಿದಿದ್ದು ಕಂಡು, ಸ್ನಾಯುವೇ ಸತ್ತಿದೆ ಅಂದುಕೊಳ್ಳುವವರಿದ್ದಾರೆ. ಅದಕ್ಕೇ ಪೊಟ್ಯಾಸಿಯಂ ಕ್ಲೋರೈಡ್ ಅಳತೆ ಮೊದಲೇ ತೆಗೆದಿಟ್ಟಿದ್ದು. ಅದು ಪೊರೆಯ ವೋಲ್ಟೇಜ್ ಬದಲಿಸಿ ಕ್ಯಾಲ್ಸಿಯಂ ಒಳಬಿಡುತ್ತದೆ, ರಿಸೆಪ್ಟರ್ ಹಂಗಿಲ್ಲ. ಆ ಕುಗ್ಗುವಿಕೆ ಹಾಗೇ ಉಳಿದಿದ್ದರೆ ಸ್ನಾಯುವಿನ ಕುಗ್ಗುವ ಯಂತ್ರ ಸರಿ ಇದೆ. ಅದೂ ಇಳಿದಿದ್ದರೆ ಸಮ ಪ್ರತಿಕ್ರಿಯೆಗೆ ಸಮ ಆಕ್ಯುಪೆನ್ಸಿ ಅನ್ನುವ ಊಹೆಯೇ ಬಿದ್ದುಹೋಯಿತು, ಆ ತುಂಡನ್ನು ಬಿಡಿ.

ಮೂರನೆಯದು ಸೂಕ್ಷ್ಮ. ಕೆಡಿಸಿದ ಮೇಲೆ 30, 100 ಮೈಕ್ರೋಮೋಲಾರ್‌ನಂಥ ದೊಡ್ಡ ಡೋಸ್ ಹಾಕಬೇಕಾಗುತ್ತದೆ. ಅಷ್ಟಕ್ಕೆ ರಿಸೆಪ್ಟರ್‌ಗಳು ಡಿಸೆನ್ಸಿಟೈಸ್ ಆಗಬಹುದು, ಅಂದರೆ ಔಷಧ ಇದ್ದರೂ ಮೊದಲಿನಷ್ಟು ಸ್ಪಂದಿಸದಿರಬಹುದು. ದೊಡ್ಡ ಡೋಸ್ ಆದಮೇಲೆ ಒಂದು ಸಣ್ಣ ಡೋಸ್ ಮತ್ತೆ ಕೊಟ್ಟು ನೋಡಿ. ಮೊದಲಿನಷ್ಟೇ ಬಂದರೆ ಸರಿ.

ಇನ್ನು ಸಿಕ್ಕ `K`ಯನ್ನು, ವಿಕಿರಣದ ಗುರುತು ಹಾಕಿದ ಅಣು ಬಳಸಿ ಅಂಟುವಿಕೆ ಅಳೆಯುವ ರೇಡಿಯೋಲಿಗ್ಯಾಂಡ್ ಪ್ರಯೋಗದ ಸಂಖ್ಯೆ ಜೊತೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಹುಷಾರಾಗಿರಿ. ಕೋಶ ಒಡೆದು ಪೊರೆ ಮಾತ್ರ ತೆಗೆದು, ಜಿ-ಪ್ರೋಟೀನ್‌ಗೆ ಬೇಕಾದ ಜಿಟಿಪಿ ಅಣು ಇಲ್ಲದೆ ಅಳೆದರೆ, ಅಗೊನಿಸ್ಟ್ ಜಿ-ಪ್ರೋಟೀನ್ ಜೊತೆ ಸೇರಿಕೊಂಡ ರಿಸೆಪ್ಟರ್‌ಗೆ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ. ಅಲ್ಲಿ ಸಿಗುವ ಸಂಖ್ಯೆ ಬಹಳ ಚಿಕ್ಕದು. ಅದನ್ನು ಹಾಕಿ ಲೆಕ್ಕ ಮಾಡಿದರೆ ಇರುವ ರಿಸರ್ವ್ ಮಾಯವಾದಂತೆ ಕಾಣುತ್ತದೆ. ನಮ್ಮ `K` ಕೂಡ ಅಂಟುವ ಬಲದ ಶುದ್ಧ ಅಳತೆ ಅಲ್ಲ. ಅಂಟಿದ ಮೇಲೆ ರಿಸೆಪ್ಟರ್ ಆಕಾರ ಬದಲಿಸುವುದೂ ಅದರೊಳಗೆ ಸೇರಿಕೊಂಡಿರುತ್ತದೆ. ಆಕ್ಯುಪೆನ್ಸಿ ಲೆಕ್ಕಕ್ಕೆ ಅದು ಸಾಕು, ಅಣುವಿನ ರಚನೆ ಬಗ್ಗೆ ತೀರ್ಮಾನಕ್ಕೆ ಸಾಲದು.

ಅದೇ ತುಂಡು, ಬೇರೆ ಔಷಧ

ರಿಸರ್ವ್ ಎಷ್ಟು ಅಂತ ಕೇಳಿದರೆ ಉತ್ತರಕ್ಕೆ ಮೂರು ವಿಷಯ ಬೇಕು: ಯಾವ ಔಷಧ, ಯಾವ ಅಂಗಾಂಶ, ಯಾವ ಪ್ರತಿಕ್ರಿಯೆ. ಬರೀ ರಿಸೆಪ್ಟರ್ ಹೆಸರು ಹೇಳಿದರೆ ಸಾಲದು.

ಅದೇ ಕರುಳಿನ ತುಂಡು, ಅದೇ ರಿಸೆಪ್ಟರ್, ಆದರೆ ದುರ್ಬಲ ಎಫಿಕಸಿಯ ಒಂದು ಪಾರ್ಷಿಯಲ್ ಅಗೊನಿಸ್ಟ್ ಹಾಕಿದೆವು ಅನ್ನಿ. `K` ಅದೇ 10. ಎಲ್ಲ ರಿಸೆಪ್ಟರ್‌ಗಳನ್ನು ತುಂಬಿಸಿದರೂ ಗರಿಷ್ಠ 50% ಮಾತ್ರ ಬರುತ್ತದೆ. ಅದರ ಅರ್ಧ, ಅಂದರೆ 25%, ಸಿಗುವುದು 5 ಮೈಕ್ರೋಮೋಲಾರ್‌ನಲ್ಲಿ. ಅಲ್ಲಿ ಮೂರನೇ ಒಂದು ಪಾಲು ರಿಸೆಪ್ಟರ್ ತುಂಬಿದೆ. ಈಗ ಅರ್ಧ ರಿಸೆಪ್ಟರ್‌ಗಳನ್ನು ಕೆಡಿಸಿ. ಕಾರ್ಬಕೋಲ್‌ನ ಗರಿಷ್ಠ ಅಲುಗಾಡಲಿಲ್ಲ. ಈ ಔಷಧದ ಗರಿಷ್ಠ 50ರಿಂದ 33%ಗೆ ನೇರ ಕುಸಿಯುತ್ತದೆ, ಗ್ರಾಫ್ ಬಲಕ್ಕೆ ಹೆಚ್ಚೇನೂ ಹೋಗುವುದಿಲ್ಲ, 5ರಿಂದ 6.7ಕ್ಕೆ ಅಷ್ಟೇ. ಇದಕ್ಕೆ ಬಿಡಲು ರಿಸರ್ವ್ ಇರಲೇ ಇಲ್ಲ. ಒಂದೊಂದು ರಿಸೆಪ್ಟರ್ ಹೋದರೂ ಲೆಕ್ಕಕ್ಕೆ ಬರುತ್ತದೆ.

ಪೂರ್ತಿ, ಪಾರ್ಷಿಯಲ್ ಅನ್ನುವ ಹಣೆಪಟ್ಟಿ ಔಷಧಕ್ಕೆ ಶಾಶ್ವತವಾಗಿ ಅಂಟಿದ್ದಲ್ಲ ಅನ್ನುವುದೂ ಇಲ್ಲಿಂದಲೇ ಕಾಣುತ್ತದೆ. 98% ರಿಸೆಪ್ಟರ್ ಕಳೆದುಕೊಂಡ ನಮ್ಮ ತುಂಡಿನಲ್ಲಿ ಕಾರ್ಬಕೋಲ್ 67% ಕೊಟ್ಟಿತಲ್ಲ? ಆ ತುಂಡನ್ನೇ ಮೊದಲು ನೋಡಿದವರು ಕಾರ್ಬಕೋಲನ್ನು ಪಾರ್ಷಿಯಲ್ ಅಗೊನಿಸ್ಟ್ ಅಂತಲೇ ಬರೆದುಕೊಳ್ಳುತ್ತಿದ್ದರು. ರಿಸೆಪ್ಟರ್ ಕಡಿಮೆ ಇರುವ ಕೋಶದಲ್ಲಿ ಪೂರ್ತಿ ಅಗೊನಿಸ್ಟ್ ಪಾರ್ಷಿಯಲ್ ಆಗುತ್ತದೆ. ರಿಸೆಪ್ಟರ್ ತುಂಬಿ ತುಳುಕುವ ಕೋಶದಲ್ಲಿ ಪಾರ್ಷಿಯಲ್ ಕೂಡ ಪೂರ್ತಿ ಥರ ನಡೆದುಕೊಳ್ಳುತ್ತದೆ. ಲ್ಯಾಬ್‌ನಲ್ಲಿ ರಿಸೆಪ್ಟರ್ ಜೀನ್ ಹಾಕಿ ಬೆಳೆಸಿದ ಕೋಶಗಳಲ್ಲಿ ಇದು ದಿನಾ ಆಗುವ ತಮಾಷೆ. ಅಲ್ಲಿ ಸಿಕ್ಕ ಇಸಿ50, ಅಂದರೆ ಅರ್ಧ ಪ್ರತಿಕ್ರಿಯೆಯ ಸಾಂದ್ರತೆ, ಅದನ್ನು ನೇರವಾಗಿ ಅಂಗಾಂಶಕ್ಕೆ ಒಯ್ಯಬಾರದು.

ಬೇರೆ ಕಡೆಯೂ ಇದೇ ಕಾಣುತ್ತದೆ. ಕೊಬ್ಬಿನ ಕೋಶಗಳಲ್ಲಿ ಇನ್ಸುಲಿನ್ ರಿಸೆಪ್ಟರ್‌ಗಳ 2ರಿಂದ 3% ತುಂಬಿದರೆ ಗ್ಲೂಕೋಸ್ ಬಳಕೆ ಗರಿಷ್ಠಕ್ಕೆ ಏರುತ್ತದೆ ಅಂತ 1970ರ ದಶಕದಲ್ಲೇ ಕಂಡುಕೊಂಡಿದ್ದರು. ನರ ಮತ್ತು ಸ್ನಾಯು ಸೇರುವ ಜಾಗದ ಕಥೆ ಸ್ವಲ್ಪ ಬೇರೆ. ಅಲ್ಲಿ ನರ ಒಂದೇ ಸಲಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಸೆಟೈಲ್‌ಕೋಲಿನ್ ಚೆಲ್ಲುತ್ತದೆ, ಅದಕ್ಕೆ ತಕ್ಕ ಹಾಗೆ ರಿಸೆಪ್ಟರ್‌ಗಳೂ ಇವೆ. ಸ್ನಾಯು ಸಡಿಲಿಸುವ ಔಷಧ ಕೊಡುವ ಅನಸ್ತೀಷಿಯಾ ವೈದ್ಯರಿಗೆ ಇದು ದಿನನಿತ್ಯದ ವಿಷಯ. ಒಂದೊಂದೇ ಸೆಳೆತ ಕೊಟ್ಟು ನೋಡಿದರೆ ಸುಮಾರು 75% ರಿಸೆಪ್ಟರ್‌ಗಳು ಮುಚ್ಚುವವರೆಗೆ ಸ್ನಾಯುವಿನ ಬಲ ಇಳಿಯುವುದೇ ಕಾಣುವುದಿಲ್ಲ. 90% ದಾಟಿದ ಮೇಲೆ ಹೆಚ್ಚುಕಡಿಮೆ ಪೂರ್ತಿ ನಿಲ್ಲುತ್ತದೆ. ಆ ಸಣ್ಣ ಕಿಂಡಿಯೊಳಗೇ ಎಲ್ಲ ನಡೆಯುತ್ತದೆ. ಆಪರೇಷನ್ ಆದಮೇಲೆ ಬೆರಳು ಚೆನ್ನಾಗಿ ಸೆಳೆಯುತ್ತಿದೆ ಅಂದರೂ ಅರ್ಧಕ್ಕಿಂತ ಜಾಸ್ತಿ ರಿಸೆಪ್ಟರ್‌ಗಳು ಇನ್ನೂ ಮುಚ್ಚಿಕೊಂಡೇ ಇರಬಹುದು. ಅದಕ್ಕೇ ಒಂದು ಸೆಳೆತ ನೋಡಿ ಬಿಡದೆ, ಸಾಲಾಗಿ ನಾಲ್ಕು ಸೆಳೆತ ಕೊಟ್ಟು ನಾಲ್ಕನೆಯದನ್ನು ಮೊದಲನೆಯದರ ಜೊತೆ ಹೋಲಿಸುತ್ತಾರೆ.